ತಮ್ಮನ ಮಂಡಿಯಿಂದ ಅಡಿಕೆ ಖರೀದಿ: ಸಂಬಂಧಿತ ಪಕ್ಷದ ವ್ಯವಹಾರಕ್ಕೆ ಒಪ್ಪಿಗೆ ಪಡೆಯುವ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಡಿಕೆ ಕೊಂಡು, ಆರಿಸಿ, ಉತ್ತರ ಭಾರತದ ವ್ಯಾಪಾರಿಗಳಿಗೆ ಕಳಿಸುವುದು ಅದರ ಕೆಲಸ. ಹಿಂದಿನ ವರ್ಷದ ಆಡಿಟ್ ಆದ ಲೆಕ್ಕದಲ್ಲಿ ವಾರ್ಷಿಕ ವಹಿವಾಟು 40 ಕೋಟಿ ರೂಪಾಯಿ, ಲಾಭ 80 ಲಕ್ಷ. ಷೇರುದಾರರು 28 ಜನ. ಎಂ.ಡಿ. ಮತ್ತು ಅವರ ಮನೆಯವರ ಕೈಯಲ್ಲಿ ಶೇ. 54 ಷೇರು, ಉಳಿದದ್ದು ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಬೆಳೆಗಾರರದ್ದು. ನಿರ್ದೇಶಕರು ಐವರು: ಎಂ.ಡಿ., ಅವರ ಹೆಂಡತಿ, ಹೊರಗಿನ ಮೂವರು. ಈ ವರ್ಷ ಎಂ.ಡಿ.ಯವರ ತಮ್ಮ ಪಾಲುದಾರರಾಗಿರುವ ಮಂಡಿಯಿಂದ 1,000 ಕ್ವಿಂಟಲ್ ರಾಶಿ ಅಡಿಕೆ ಕೊಳ್ಳಬೇಕೆಂಬ ಪ್ರಸ್ತಾಪ ಬಂದಿದೆ. ಕ್ವಿಂಟಲ್‌ಗೆ 50,000 ರೂಪಾಯಿ ಎಂದು ಹಿಡಿದರೆ 5 ಕೋಟಿಯ ಖರೀದಿ. ಕಂಪನಿಯೂ ಬೆಲೆಯೂ ಲೆಕ್ಕ ತೋರಿಸಲಿಕ್ಕೆ ಮಾತ್ರ ಹೇಳಿದ್ದು, ಕಾನೂನಿನ ಮಿತಿಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ತಮ್ಮನ ಹತ್ತಿರ ಕೊಳ್ಳುವುದು ತಪ್ಪಲ್ಲ. ಮಲೆನಾಡಿನ ಅಡಿಕೆ ವ್ಯಾಪಾರದಲ್ಲಿ ನೆಂಟರಿಲ್ಲದ ಮಂಡಿ ಹುಡುಕುವುದೇ ಕಷ್ಟ. ಕಂಪನಿಗಳ ಕಾಯ್ದೆ 2013 ಇದನ್ನು ನಿಷೇಧಿಸಿಲ್ಲ. ಮೊದಲೇ ತೆರೆದಿಡಿ, ಲಾಭ ಆಗುವವರು ನಿರ್ಧಾರದಿಂದ ಹೊರಗಿರಿ, ಬರೆದಿಡಿ ಎನ್ನುತ್ತದೆ ಅಷ್ಟೆ. ಆದರೆ ಈ ಮೂರೂ ಕಾಗದದ ಮೇಲೆ ಸರಿಯಾಗಿ ನಡೆದೂ ಹಣ ಹೊರಗೆ ಹರಿಯಬಹುದು. ಹಾಗಾಗಿ ಮೊದಲು ಹಣ ಎಲ್ಲಿಂದ ಸೋರುತ್ತದೆ ಎಂದು ನೋಡಿ, ಆಮೇಲೆ ಒಪ್ಪಿಗೆಯ ಹಂತಗಳಿಗೆ ಬರೋಣ.

ಹಣ ಸೋರುವ ನಾಲ್ಕು ದಾರಿ

ಎಲ್ಲರ ಕಣ್ಣಿಗೆ ಬೀಳುವುದು ದರ. ಮಾರುಕಟ್ಟೆಗಿಂತ ಕ್ವಿಂಟಲ್‌ಗೆ 1,500 ರೂಪಾಯಿ ಹೆಚ್ಚು ಕೊಟ್ಟರೆ 1,000 ಕ್ವಿಂಟಲ್‌ಗೆ 15 ಲಕ್ಷ ಹೋಯಿತು. ದರಪಟ್ಟಿ ಪಕ್ಕದಲ್ಲಿಟ್ಟು ನೋಡಿದರೆ ಇದು ಸಿಕ್ಕಿಬೀಳುತ್ತದೆ. ಅದಕ್ಕೇ ಸ್ವಲ್ಪ ತಿಳಿದವರು ದರದಲ್ಲಿ ಕೈ ಹಾಕುವುದಿಲ್ಲ.

ಎರಡನೆಯದು ದರ್ಜೆ. ಬಿಲ್ಲಿನಲ್ಲಿ ರಾಶಿ, ಚೀಲದಲ್ಲಿ ಹತ್ತಕ್ಕೆ ಒಂದು ಪಾಲು ಕಡಿಮೆ ಬೆಲೆಯ ಗೊರಬಲು ದರ್ಜೆ. ಎರಡರ ನಡುವೆ ಕ್ವಿಂಟಲ್‌ಗೆ 18,000 ರೂಪಾಯಿ ಅಂತರವಿದೆ ಎಂದುಕೊಂಡರೆ 100 ಕ್ವಿಂಟಲ್ ಬೆರಕೆಗೆ 18 ಲಕ್ಷ. ದರ ಮಾರುಕಟ್ಟೆಯ ದರವೇ, ಬಿಲ್ಲೂ ಸರಿ. ಕಚೇರಿಯಲ್ಲಿ ಕೂತ ಆಡಿಟರ್‌ಗೆ ಇದು ಕಾಣುವುದಿಲ್ಲ.

ಮೂರನೆಯದು ತೇವ. ಸರಿಯಾಗಿ ಒಣಗದ ಅಡಿಕೆ ಗೋದಾಮಿನಲ್ಲಿ ತೂಕ ಕಳೆದುಕೊಳ್ಳುತ್ತದೆ. ಶೇ. 2 ತೂಕ ಇಳಿದರೆ 20 ಕ್ವಿಂಟಲ್, ಅಂದರೆ 10 ಲಕ್ಷ. ವರ್ಷದ ಕೊನೆಗೆ ಇದು 'ಒಣಗಿದ ನಷ್ಟ' ಎಂಬ ಹೆಸರಿನಲ್ಲಿ ಸದ್ದಿಲ್ಲದೆ ಕೂರುತ್ತದೆ.

ನಾಲ್ಕನೆಯದು ಮುಂಗಡ. ಬೇರೆ ಮಂಡಿಗಳಿಗೆ ಸರಕು ಬಂದು ತೂಕವಾದ ಮೇಲೆ ಹಣ ಕೊಡುವ ಕಂಪನಿ, ತಮ್ಮನ ಮಂಡಿಗೆ ಒಂದು ಕೋಟಿ ಮೊದಲೇ ಕೊಟ್ಟು ಆರು ತಿಂಗಳು ಬಿಟ್ಟಿದೆ ಎನ್ನಿ. ಕಂಪನಿ ತನ್ನ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲಕ್ಕೆ ಶೇ. 10 ಬಡ್ಡಿ ಕಟ್ಟುತ್ತಿದ್ದರೆ ಆ ಬಡ್ಡಿಯೇ 5 ಲಕ್ಷ. ಅಸಲು ವಾಪಸ್ ಬರದಿದ್ದರೆ ಲೆಕ್ಕವೇ ಬೇರೆ.

ನಾಲ್ಕೂ ಸೇರಿ 48 ಲಕ್ಷ. 80 ಲಕ್ಷ ಲಾಭದ ಕಂಪನಿಗೆ ಇದು ಅರ್ಧಕ್ಕಿಂತ ಹೆಚ್ಚು, ಮತ್ತು ದರ ಹೋಲಿಸಿ ಹಿಡಿಯಬಹುದಾದದ್ದು ಅದರಲ್ಲಿ 15 ಲಕ್ಷ ಮಾತ್ರ. ಒಪ್ಪಿಗೆ ಕೊಡುವ ನಿರ್ದೇಶಕರ ಮಂಡಳಿ ದರವನ್ನಷ್ಟೇ ಕೇಳಿ ಸುಮ್ಮನಾದರೆ ಮಿಕ್ಕ 33 ಲಕ್ಷಕ್ಕೆ ತಾನೇ ರುಜು ಹಾಕಿಕೊಟ್ಟಂತೆ.

ಹಂತ 1: ಯಾರು ಸಂಬಂಧಿತರು ಎಂಬ ಪಟ್ಟಿ

ಪ್ರತಿ ಹಣಕಾಸು ವರ್ಷದ ಮೊದಲ ಮಂಡಳಿ ಸಭೆಯಲ್ಲಿ ಪ್ರತಿ ನಿರ್ದೇಶಕರೂ ಕಲಂ 184ರಡಿ ಎಂಬಿಪಿ-1 ನಮೂನೆಯಲ್ಲಿ ತಮ್ಮ ಹಿತಾಸಕ್ತಿಗಳನ್ನು ತಿಳಿಸಬೇಕು. ನಡುವೆ ಬದಲಾವಣೆಯಾದರೆ ಆನಂತರದ ಮೊದಲ ಸಭೆಯಲ್ಲಿ ಮತ್ತೆ. ಬಹಳಷ್ಟು ಕಂಪನಿಗಳು ಇಲ್ಲಿಗೇ ಪಟ್ಟಿ ಮುಗಿಯಿತು ಎಂದುಕೊಳ್ಳುತ್ತವೆ. ಆದರೆ ಎಂಬಿಪಿ-1 ಕೇಳುವುದು ನಿರ್ದೇಶಕರ ಸ್ವಂತ ಹಿತಾಸಕ್ತಿ ಎಲ್ಲೆಲ್ಲಿದೆ ಎಂದು. ಅವರ ತಮ್ಮ ಎಲ್ಲಿ ಪಾಲುದಾರ ಎಂದು ಅದು ಕೇಳುವುದೇ ಇಲ್ಲ. ನಮ್ಮ ಉದಾಹರಣೆಯ ಮಂಡಿ ಆ ಕಾಗದದಲ್ಲಿ ಬರುವುದೇ ಇಲ್ಲ.

ಹಾಗಾಗಿ ಬೇರೆಯದೇ ಒಂದು ಪ್ರಶ್ನಾವಳಿ ಬೇಕು. ಕಾಯ್ದೆಯ ಪ್ರಕಾರ ಬಂಧುಗಳೆಂದರೆ ಗಂಡ ಅಥವಾ ಹೆಂಡತಿ, ಅಪ್ಪ, ಅಮ್ಮ, ಮಗ, ಸೊಸೆ, ಮಗಳು, ಅಳಿಯ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಜೊತೆಗೆ ಒಂದೇ ಹಿಂದೂ ಅವಿಭಕ್ತ ಕುಟುಂಬದ ಸದಸ್ಯರು. ಇವರಲ್ಲಿ ಯಾರಾದರೂ ಪಾಲುದಾರರಾಗಿರುವ ಸಂಸ್ಥೆ, ಸದಸ್ಯರೋ ನಿರ್ದೇಶಕರೋ ಆಗಿರುವ ಪ್ರೈವೇಟ್ ಕಂಪನಿ, ಇವೆಲ್ಲ ಕಲಂ 2(76)ರಡಿ ಸಂಬಂಧಿತ ಪಕ್ಷ. ಪ್ರತಿಯೊಬ್ಬರ ಹೆಸರಿನ ಮುಂದೆ ಪ್ಯಾನ್, ಅವರ ವ್ಯಾಪಾರದ ಹೆಸರು, ಜಿಎಸ್‌ಟಿ ಸಂಖ್ಯೆ ಬರೆಸಿಕೊಳ್ಳಿ. ಮಂಡಿಯ ಬೋರ್ಡಿನಲ್ಲಿ ದೇವರ ಹೆಸರಿರುತ್ತದೆ, ತಮ್ಮನ ಹೆಸರಿರುವುದಿಲ್ಲ. ಜಿಎಸ್‌ಟಿ ಸಂಖ್ಯೆಯ ನಡುವಿನ ಹತ್ತು ಅಕ್ಷರಗಳೇ ಪ್ಯಾನ್, ಅದು ಯಾರದ್ದು ಎಂದು ತಾಳೆ ನೋಡಬಹುದು. ಪಾಲುದಾರಿಕೆಯಾದರೆ ಅದು ಸಂಸ್ಥೆಯ ಪ್ಯಾನ್ ಆಗಿರುತ್ತದೆ, ಆಗ ಪಾಲುದಾರಿಕೆ ಪತ್ರದ ಪ್ರತಿ ಕೇಳಬೇಕು.

ಈ ಪಟ್ಟಿಯಲ್ಲಿ ಯಾರಿಲ್ಲ ಎಂಬುದನ್ನೂ ಗಮನಿಸಿ. ಭಾಮೈದ ಇಲ್ಲ, ಭಾವ ಇಲ್ಲ, ಅತ್ತಿಗೆ ಇಲ್ಲ, ಹೆಂಡತಿಯ ಅಪ್ಪ ಇಲ್ಲ, ಮೊಮ್ಮಕ್ಕಳೂ ಇಲ್ಲ. ಹೆಂಡತಿಯ ಅಣ್ಣನ ಹೆಸರಿನಲ್ಲಿ ಮಂಡಿ ತೆರೆದರೆ ಎಂ.ಡಿ.ಯ ಕಡೆಯಿಂದ ಅದು ಸಂಬಂಧಿತವಲ್ಲ. ನಮ್ಮ ಕಂಪನಿಯಲ್ಲಿ ಹೆಂಡತಿಯೂ ನಿರ್ದೇಶಕಿಯಾದ್ದರಿಂದ ಅವರ ಕಡೆಯಿಂದ ಆಗುತ್ತದೆ, ಅವರು ರಾಜೀನಾಮೆ ಕೊಟ್ಟರೆ ಆ ಕೊಂಡಿ ಕಳಚುತ್ತದೆ. ಇಂಥ ರಾಜೀನಾಮೆಯ ಬೆನ್ನಿಗೇ ಹೊಸ ಮಂಡಿಯೊಂದು ಸರಬರಾಜುದಾರರ ಪಟ್ಟಿಗೆ ಬಂದಿದ್ದರೆ ಎಚ್ಚರವಾಗಬೇಕು. ಇನ್ನೊಂದು ಕಡೆ, ಮಲೆನಾಡಿನಲ್ಲಿ ತೋಟ ಅವಿಭಕ್ತ ಕುಟುಂಬದ ಪ್ಯಾನ್‌ನಲ್ಲೇ ಉಳಿದಿರುವ ಮನೆಗಳುಂಟು. ಅಲ್ಲಿ ಚಿಕ್ಕಪ್ಪ, ದೊಡ್ಡಪ್ಪನ ಮಗ ಎಲ್ಲರೂ ಬಂಧುಗಳ ವ್ಯಾಖ್ಯೆಯೊಳಗೆ ಬರುತ್ತಾರೆ. ಮಂಡಳಿಯೇ ಒಂದು ನಿರ್ಣಯ ಮಾಡಿ ಭಾವ, ಭಾಮೈದ, ಅತ್ತಿಗೆ, ನಾದಿನಿಯರನ್ನೂ ಒಳಗಿನ ಪಟ್ಟಿಗೆ ಸೇರಿಸಿಕೊಳ್ಳುವುದು ಒಳ್ಳೆಯದು. ಕಾನೂನು ಕೇಳಿದ್ದಕ್ಕಿಂತ ಹೆಚ್ಚು ಮಾಡಲು ಅಡ್ಡಿಯಿಲ್ಲ.

ಹಂತ 2: ಒಪ್ಪಿಗೆ ಬೇಕೋ ಬೇಡವೋ

ಕಲಂ 188ರ ಪ್ರಕಾರ ಸಂಬಂಧಿತ ಪಕ್ಷದ ಜೊತೆ ಸರಕು ಕೊಳ್ಳುವ ಮಾರುವ, ಆಸ್ತಿ ಕೊಳ್ಳುವ ಮಾರುವ, ಬಾಡಿಗೆಗೆ ಕೊಡುವ ಪಡೆಯುವ, ಸೇವೆ ಪಡೆಯುವ ಕರಾರುಗಳಿಗೆ ಮಂಡಳಿಯ ಒಪ್ಪಿಗೆ ಬೇಕು. ಸರಕಿನ ವಿಷಯದಲ್ಲಿ ಮೊತ್ತ ವಾರ್ಷಿಕ ವಹಿವಾಟಿನ ಶೇ. 10 ಮುಟ್ಟಿದರೆ ಷೇರುದಾರರ ಒಪ್ಪಿಗೆಯೂ ಮೊದಲೇ ಬೇಕು. ನಮ್ಮ ಕಂಪನಿಗೆ ಆ ಗೆರೆ 4 ಕೋಟಿ, ಪ್ರಸ್ತಾಪ 5 ಕೋಟಿ. 50 ಲಕ್ಷದ ಹತ್ತು ಬಿಲ್ಲಾಗಿ ಒಡೆದರೂ ಪ್ರಯೋಜನವಿಲ್ಲ, ಅದೇ ಹಣಕಾಸು ವರ್ಷದಲ್ಲಿ ಅದಕ್ಕೂ ಮುಂಚೆ ನಡೆದ ವ್ಯವಹಾರಗಳನ್ನೆಲ್ಲ ಕೂಡಿಸಿಯೇ ಅಳೆಯಬೇಕು.

ಇದೇ ಕಲಮಿನಲ್ಲಿ ಒಂದು ದೊಡ್ಡ ವಿನಾಯಿತಿ ಇದೆ. ವ್ಯವಹಾರ ಕಂಪನಿಯ ದಿನನಿತ್ಯದ ವ್ಯಾಪಾರದ ಭಾಗವಾಗಿದ್ದು, ಜೊತೆಗೆ ಆರ್ಮ್ಸ್ ಲೆಂಗ್ತ್ ಆಗಿದ್ದರೆ, ಅಂದರೆ ಗುರುತು ಪರಿಚಯವಿಲ್ಲದವರ ಜೊತೆ ಮಾಡಿದಂತೆಯೇ ಮಾಡಿದ್ದರೆ, ಕಲಂ 188ರ ಯಾವ ಒಪ್ಪಿಗೆಯೂ ಬೇಕಿಲ್ಲ. ಎರಡೂ ಒಟ್ಟಿಗೆ ಇರಬೇಕು. ಅಡಿಕೆ ಕಂಪನಿ ಅಡಿಕೆ ಕೊಳ್ಳುವುದು ದಿನನಿತ್ಯದ ವ್ಯಾಪಾರ ಎಂಬುದರಲ್ಲಿ ತಕರಾರಿಲ್ಲ. ಜಗಳ ಇರುವುದೆಲ್ಲ ಎರಡನೆಯದರಲ್ಲಿ.

ಅಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಎಂದರೆ ದರ ಒಂದನ್ನೇ ನೋಡುವುದು. ಹೊರಗಿನವರ ಜೊತೆ ಮಾಡಿದಂತೆ ಎಂದರೆ ಎಲ್ಲ ಷರತ್ತುಗಳೂ ಹಾಗೇ ಇರಬೇಕು. ಬೇರೆ ಮಂಡಿಗೆ ಕೊಡದ ಮುಂಗಡ ಇಲ್ಲಿಗೆ ಕೊಟ್ಟರೆ, ಬೇರೆಯವರ ಸರಕು ತಿರಸ್ಕರಿಸುವ ಹಕ್ಕಿದ್ದು ಇಲ್ಲಿ ಇಲ್ಲದಿದ್ದರೆ, ದರ ಎಷ್ಟೇ ಸರಿಯಿದ್ದರೂ ಇದು ಆರ್ಮ್ಸ್ ಲೆಂಗ್ತ್ ಅಲ್ಲ. ಆಗ ವಿನಾಯಿತಿ ಹೋಯಿತು, ಮಂಡಳಿಯ ಒಪ್ಪಿಗೆ, 4 ಕೋಟಿ ಮುಟ್ಟುವುದರಿಂದ ಷೇರುದಾರರ ಒಪ್ಪಿಗೆ, ಎರಡೂ ಬೇಕು.

ವಿನಾಯಿತಿ ಇದೆ ಎಂದು ಎಂ.ಡಿ.ಯೋ ಅಕೌಂಟೆಂಟೋ ಮಾರ್ಚ್ ಕೊನೆಗೆ ಒಂದು ಸಾಲು ಬರೆದು ಫೈಲಿಗೆ ಹಾಕುವುದು ರೂಢಿಯಲ್ಲಿದೆ. ಇದು ಸಲ್ಲದು. ವಿನಾಯಿತಿ ಇದೆಯೋ ಇಲ್ಲವೋ ಎಂಬುದನ್ನೇ ಹೊರಗಿನ ಮೂವರು ನಿರ್ದೇಶಕರು, ಖರೀದಿಗೆ ಮುಂಚೆ, ದಾಖಲೆ ನೋಡಿ ತೀರ್ಮಾನಿಸಬೇಕು.

ಹಂತ 3: ದರ, ದರ್ಜೆ, ತೇವಕ್ಕೆ ಪುರಾವೆ

ಬೇರೆ ಸರಕಿಗೆ ಹೋಲಿಸಿದರೆ ಅಡಿಕೆಯಲ್ಲಿ ಈ ಕೆಲಸ ಸುಲಭ. ಶಿವಮೊಗ್ಗ ಎಪಿಎಂಸಿಯ ದರ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆವಾರು ಪ್ರಕಟವಾಗುತ್ತದೆ. ಪ್ರತಿ ದರ್ಜೆಗೂ ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಅಂಕಿ ಇರುತ್ತವೆ, ಮಾದರಿ ಎಂದರೆ ಆ ದಿನ ಹೆಚ್ಚಿನ ಸರಕು ಮಾರಾಟವಾದ ದರ. ಕರಾರಿನಲ್ಲಿ 'ಮಾರುಕಟ್ಟೆ ದರ' ಎಂದಷ್ಟೇ ಬರೆದರೆ ಪ್ರತಿ ಸಲವೂ ಗರಿಷ್ಠ ದರಕ್ಕೆ ಬಿಲ್ ಬರುತ್ತದೆ, ಕೇಳಿದರೆ ಅದೂ ಮಾರುಕಟ್ಟೆಯದ್ದೇ ದರ ಎನ್ನುತ್ತಾರೆ. ಮಾದರಿ ದರ ಎಂದೇ ಬರೆಯಿರಿ. ಮ್ಯಾಮ್ಕೋಸ್‌ನಂಥ ಸಹಕಾರಿ ಸಂಸ್ಥೆಯ ಅದೇ ದಿನದ ದರವನ್ನು ಎರಡನೆಯ ಹೋಲಿಕೆಗೆ ಇಟ್ಟುಕೊಳ್ಳಬಹುದು.

ಯಾವ ದಿನದ ದರ ಎಂಬುದು ಅಷ್ಟೇ ಮುಖ್ಯ. ಅಡಿಕೆ ದರ ವಾರದೊಳಗೇ ಏರಿಳಿಯುತ್ತದೆ. ಬಿಲ್ಲಿನ ದಿನಾಂಕ ಬರೆಯುವುದು ಮಂಡಿಯ ಕೈಯಲ್ಲಿದೆ, ದರ ಏರಿದ್ದ ದಿನವನ್ನೇ ಆರಿಸಿಕೊಳ್ಳಬಹುದು. ಕಂಪನಿಯ ಗೋದಾಮಿಗೆ ಬರುವಾಗ ಆಗುವ ತೂಕದ ಚೀಟಿಯ ದಿನಾಂಕವೇ ದರದ ದಿನಾಂಕ ಎಂದು ಕರಾರಿನಲ್ಲಿ ಕಟ್ಟಿಹಾಕಬೇಕು. ಆ ದಿನ ಮಾರುಕಟ್ಟೆ ಇಲ್ಲದಿದ್ದರೆ ಅದರ ಹಿಂದಿನ ವ್ಯಾಪಾರದ ದಿನ.

ದರ್ಜೆಗೆ ಒಂದೇ ಮದ್ದು: ಗೋದಾಮಿನ ಬಾಗಿಲಲ್ಲಿ ಪರೀಕ್ಷೆ. ಪ್ರತಿ ಲಾಟಿನಲ್ಲಿ ಹತ್ತಕ್ಕೊಂದು ಚೀಲವನ್ನು, ಮಂಡಿಯವರು ತೋರಿಸಿದ್ದಲ್ಲ, ಕಂಪನಿಯವರು ಆರಿಸಿದ್ದನ್ನು ಸುರಿದು ಒಂದೊಂದು ಕಿಲೋ ತೆಗೆದು, ಎಲ್ಲ ಒಟ್ಟು ಮಾಡಿ ಆರಿಸಿ, ಗೊರಬಲಿನ ತೂಕ ಬರೆಯುವುದು. ತೇವಮಾಪಕದ ಅಂಕಿಯನ್ನೂ ಅದೇ ಚೀಟಿಯಲ್ಲಿ ಬರೆಯುವುದು. ಎಷ್ಟರವರೆಗೆ ಬೆರಕೆ, ಎಷ್ಟರವರೆಗೆ ತೇವ ಒಪ್ಪುತ್ತೇವೆ, ಮೀರಿದರೆ ಎಷ್ಟು ಕಡಿತ ಎಂಬುದು ಕರಾರಿನಲ್ಲೇ ಇರಲಿ. ಪರೀಕ್ಷೆ ಮಾಡುವವರು ಖರೀದಿ ವಿಭಾಗದವರಾಗಬಾರದು. ಇದೇ ಪರೀಕ್ಷೆ ಬೇರೆ ಮಂಡಿಗಳ ಸರಕಿಗೂ ನಡೆಯಬೇಕು, ಇಲ್ಲದಿದ್ದರೆ ಹೋಲಿಸಲು ಏನೂ ಸಿಗುವುದಿಲ್ಲ.

ಹಂತ 4: ಮಂಡಳಿ ಸಭೆ

ನಿರ್ಣಯ ಸಭೆಯಲ್ಲೇ ಆಗಬೇಕು. ಕಾಗದ ಸುತ್ತಿಸಿ ಒಬ್ಬೊಬ್ಬರ ರುಜು ಹಾಕಿಸುವ ದಾರಿ ಇದಕ್ಕೆ ನಡೆಯುವುದಿಲ್ಲ. ಏಳು ದಿನ ಮುಂಚೆ ನೋಟಿಸ್ ಹೋಗಬೇಕು, ಕಾರ್ಯಸೂಚಿಯಲ್ಲಿ ಕಾಯ್ದೆಯಡಿಯ ಮಂಡಳಿ ಸಭೆಗಳ ನಿಯಮಾವಳಿಯ ನಿಯಮ 15 ಕೇಳುವ ವಿವರಗಳಿರಬೇಕು. ನಮ್ಮ ಉದಾಹರಣೆಗೆ ಆ ಟಿಪ್ಪಣಿ ಹೀಗಿರಬಹುದು:

> ಸಂಬಂಧಿತ ಪಕ್ಷ: ಇಂಥ ಮಂಡಿ, ಪಾಲುದಾರಿಕೆ ಸಂಸ್ಥೆ. ಸಂಬಂಧ: ಎಂ.ಡಿ.ಯವರ ತಮ್ಮ ಪಾಲುದಾರರು.
> ವ್ಯವಹಾರ: ರಾಶಿ ಅಡಿಕೆ ಖರೀದಿ, ಈ ಹಣಕಾಸು ವರ್ಷದಲ್ಲಿ ಗರಿಷ್ಠ 1,000 ಕ್ವಿಂಟಲ್, ಒಟ್ಟು 5 ಕೋಟಿ ರೂ. ಮೀರದಂತೆ.
> ದರ: ಗೋದಾಮಿನ ತೂಕದ ದಿನದ ಶಿವಮೊಗ್ಗ ಎಪಿಎಂಸಿ ರಾಶಿ ಮಾದರಿ ದರ. ದರ್ಜೆ ಮತ್ತು ತೇವದ ಕಡಿತ ಲಗತ್ತಿನಂತೆ.
> ಮುಂಗಡ: ಇಲ್ಲ. ಪಾವತಿ: ಬೇರೆ ಮಂಡಿಗಳಿಗೆ ಇರುವ ಗಡುವಿನಲ್ಲೇ.
> ಹೋಲಿಕೆ: ಕಳೆದ ವರ್ಷ ಬೇರೆ ಮೂರು ಮಂಡಿಗಳಿಂದ ಕೊಂಡ ಸರಕಿನ ದರ, ಬೆರಕೆ, ತೇವ, ಪಾವತಿ ದಿನಗಳ ಪಟ್ಟಿ ಲಗತ್ತಿಸಿದೆ.
> ಗಣನೆಗೆ ತೆಗೆದುಕೊಳ್ಳದ ಅಂಶಗಳು: ಇದ್ದರೆ, ಕಾರಣ ಸಹಿತ.

ಎಂ.ಡಿ. ಈ ವಿಷಯ ಬಂದಾಗ ತಮ್ಮ ಹಿತಾಸಕ್ತಿ ಹೇಳಿ ಹೊರಗೆ ಹೋಗಬೇಕು. ಇಲ್ಲೊಂದು ತೊಡಕಿದೆ. ಕೇಂದ್ರ ಸರ್ಕಾರದ 2015ರ ಅಧಿಸೂಚನೆ ಪ್ರೈವೇಟ್ ಕಂಪನಿಯ ಆಸಕ್ತ ನಿರ್ದೇಶಕರು ಹಿತಾಸಕ್ತಿ ತಿಳಿಸಿ ಸಭೆಯಲ್ಲಿ ಭಾಗವಹಿಸಬಹುದು ಎನ್ನುತ್ತದೆ, ನಿಯಮ 15(2) ಮಾತ್ರ ಚರ್ಚೆಯ ಹೊತ್ತಿಗೆ ಹಾಜರಿರಬಾರದು ಎನ್ನುತ್ತದೆ. ಹೊರಗೆ ಹೋಗುವುದೇ ಕ್ಷೇಮ. ಹೆಂಡತಿಯ ಸ್ಥಿತಿ ಇನ್ನೂ ಸೂಕ್ಷ್ಮ: ಗಂಡನ ತಮ್ಮ ಅವರಿಗೆ ಕಾಯ್ದೆಯ ವ್ಯಾಖ್ಯೆಯಲ್ಲಿ ಬಂಧುವಲ್ಲ, ಆದರೆ ಪರೋಕ್ಷ ಆಸಕ್ತಿ ಇಲ್ಲ ಎಂದು ಯಾರೂ ನಂಬುವುದಿಲ್ಲ. ಅವರೂ ಏಳಲಿ. ಐವರಲ್ಲಿ ಕೋರಂಗೆ ಇಬ್ಬರು ಸಾಕು, ಮೂವರು ಉಳಿಯುತ್ತಾರೆ. ಯಾರು ಯಾವ ಹೊತ್ತಿಗೆ ಹೊರಗೆ ಹೋದರು, ಯಾವ ಹೊತ್ತಿಗೆ ಒಳಬಂದರು, ಉಳಿದವರು ಯಾವ ದಾಖಲೆ ನೋಡಿದರು, ಏನು ಪ್ರಶ್ನೆ ಕೇಳಿದರು ಎಂಬುದು ನಡಾವಳಿಯಲ್ಲಿ ಬರಬೇಕು. 'ಚರ್ಚಿಸಿ ಅನುಮೋದಿಸಲಾಯಿತು' ಎಂಬ ಒಂದೇ ಸಾಲಿದ್ದರೆ, ನಾಳೆ ವ್ಯಾಜ್ಯವಾದಾಗ ಆ ಮೂವರಿಗೂ ಅದರಿಂದ ರಕ್ಷಣೆ ಸಿಗುವುದಿಲ್ಲ.

ಹಂತ 5: ಷೇರುದಾರರ ಸಭೆ, ಮತ್ತು ಅದರ ದೊಡ್ಡ ತೂತು

ಮುಂಗಡ ಕೊಡಲೇಬೇಕು ಎಂದು ಮಂಡಳಿಗೆ ಅನಿಸಿದರೆ, ವಿನಾಯಿತಿ ಬಿಟ್ಟು ಷೇರುದಾರರ ಮುಂದೆ ಹೋಗಬೇಕು. ಸಾಮಾನ್ಯ ನಿರ್ಣಯ ಸಾಕು, ಅಂದರೆ ಬಹುಮತ. ನೋಟಿಸಿನ ವಿವರಣಾ ಟಿಪ್ಪಣಿಯಲ್ಲಿ ಮಂಡಿಯ ಹೆಸರು, ಸಂಬಂಧಿತ ನಿರ್ದೇಶಕರ ಹೆಸರು, ಸಂಬಂಧ, ಮೊತ್ತ, ಮುಖ್ಯ ಷರತ್ತು ಎಲ್ಲ ಇರಬೇಕು.

ಪಬ್ಲಿಕ್ ಕಂಪನಿಯಾಗಿದ್ದರೆ ಸಂಬಂಧಿತ ಷೇರುದಾರರು ಇದಕ್ಕೆ ಮತ ಹಾಕುವಂತಿಲ್ಲ. ಪ್ರೈವೇಟ್ ಕಂಪನಿಗೆ ಈ ತಡೆಯನ್ನು 2015ರಲ್ಲಿ ತೆಗೆದುಹಾಕಲಾಗಿದೆ. ಅಂದರೆ ನಮ್ಮ ಉದಾಹರಣೆಯಲ್ಲಿ ಶೇ. 54 ಇರುವ ಎಂ.ಡಿ. ಕುಟುಂಬವೇ ಕೈ ಎತ್ತಿ ನಿರ್ಣಯ ಪಾಸು ಮಾಡಿಕೊಳ್ಳಬಹುದು, ಬೆಳೆಗಾರರೆಲ್ಲ ಬೇಡವೆಂದರೂ. ಕಾಗದದ ಮೇಲೆ ಎಲ್ಲ ಕ್ರಮಬದ್ಧ. ಕೈಯಲ್ಲಿರುವ ಉಪಾಯ ಎರಡು. ಒಂದು, ಕಂಪನಿ ಹಣಕಾಸು ಪಟ್ಟಿ ಮತ್ತು ವಾರ್ಷಿಕ ವಿವರಗಳನ್ನು ರಿಜಿಸ್ಟ್ರಾರ್‌ಗೆ ಸಲ್ಲಿಸುವುದರಲ್ಲಿ ತಪ್ಪಿದ್ದರೆ ಈ ರಿಯಾಯಿತಿ ಅದಕ್ಕೆ ಸಿಗುವುದಿಲ್ಲ, ಅದನ್ನು ಮೊದಲು ನೋಡಬೇಕು. ಇನ್ನೊಂದು, ಹೊರಗಿನವರು ಷೇರು ಹಣ ಹಾಕುವ ದಿನವೇ 'ಸಂಬಂಧಿತ ಸದಸ್ಯರು ಇಂಥ ನಿರ್ಣಯಕ್ಕೆ ಮತ ಹಾಕತಕ್ಕದ್ದಲ್ಲ' ಎಂಬ ಷರತ್ತನ್ನು ಕಂಪನಿಯ ಒಳನಿಯಮಗಳಾದ ಆರ್ಟಿಕಲ್ಸ್‌ನಲ್ಲಿ ಬರೆಸಿಕೊಳ್ಳುವುದು. ಆಮೇಲೆ ಸೇರಿಸಬೇಕೆಂದರೆ ವಿಶೇಷ ನಿರ್ಣಯ ಬೇಕು, ಬಿದ್ದ ಮತಗಳ ಮುಕ್ಕಾಲು ಪಾಲು. ಆಗ ಎಂ.ಡಿ.ಯ ಒಪ್ಪಿಗೆ ಇಲ್ಲದೆ ಅದು ಆಗುವ ಕೆಲಸವಲ್ಲ.

ಹಂತ 6: ಪಾವತಿ ಮತ್ತು ಪುಸ್ತಕ

ಒಪ್ಪಿಗೆ ಸಿಕ್ಕಮೇಲೆ ಅದನ್ನು ಯಾರೂ ತೆರೆದು ನೋಡುವುದಿಲ್ಲ, ಹಣ ಹೋಗುವುದು ಆಗಲೇ. ಅಕೌಂಟ್ಸ್ ತಂತ್ರಾಂಶದಲ್ಲಿ ಸಂಬಂಧಿತ ಪಕ್ಷಗಳ ಲೆಡ್ಜರ್‌ಗಳನ್ನೆಲ್ಲ ಒಂದೇ ಗುಂಪಿನಡಿ ಇಡಿ. ತೂಕದ ಚೀಟಿ, ದರ್ಜೆ ಮತ್ತು ತೇವದ ಚೀಟಿ, ಆ ದಿನದ ಎಪಿಎಂಸಿ ದರದ ಮುದ್ರಿತ ಪ್ರತಿ, ಈ ಮೂರೂ ಬಿಲ್ಲಿಗೆ ಲಗತ್ತಾಗದೆ ಪಾವತಿ ಬೇಡ. ಬ್ಯಾಂಕಿನಲ್ಲಿ ಎರಡನೆಯ ರುಜು ಹೊರಗಿನ ನಿರ್ದೇಶಕರದ್ದಾಗಲಿ. 5 ಕೋಟಿಯ ಮಿತಿಯಲ್ಲಿ ಎಷ್ಟು ಬಳಕೆಯಾಯಿತು ಎಂಬ ಚಾಲ್ತಿ ಮೊತ್ತ ಪ್ರತಿ ಪಾವತಿ ವೋಚರ್ ಮೇಲೆ ಇರಲಿ.

ಸಂಬಂಧಿತ ಕರಾರುಗಳನ್ನು ಬರೆದಿಡುವ ಎಂಬಿಪಿ-4 ರಿಜಿಸ್ಟರ್‌ನಲ್ಲಿ ಈ ಕರಾರು ದಾಖಲಾಗಿ ಮುಂದಿನ ಮಂಡಳಿ ಸಭೆಯಲ್ಲಿ ಹಾಜರಿದ್ದ ನಿರ್ದೇಶಕರೆಲ್ಲ ರುಜು ಹಾಕಬೇಕು. ವರ್ಷದ ಕೊನೆಗೆ ಮಂಡಳಿಯ ವರದಿಗೆ ಇಂಥ ವ್ಯವಹಾರಗಳ ವಿವರ ಕೊಡುವ ಎಒಸಿ-2 ನಮೂನೆ ಲಗತ್ತಿಸಬೇಕು. ಆರ್ಮ್ಸ್ ಲೆಂಗ್ತ್ ಅಲ್ಲದ ವ್ಯವಹಾರಕ್ಕೆ ಅದರಲ್ಲಿ ಸಮರ್ಥನೆ ಬರೆಯುವ ಅಂಕಣವೇ ಇದೆ.

ಸಾಲದ ವಿಷಯ ಇಲ್ಲೇ ಹೇಳಬೇಕು. ಕಲಂ 188ರ ಪಟ್ಟಿಯಲ್ಲಿ ಸಾಲ ಇಲ್ಲ. ನಿರ್ದೇಶಕರಿಗೆ, ಅವರ ಬಂಧುಗಳಿಗೆ, ಅವರು ಅಥವಾ ಆ ಬಂಧುಗಳು ಪಾಲುದಾರರಾಗಿರುವ ಸಂಸ್ಥೆಗೆ ಸಾಲ ಕೊಡುವುದನ್ನು ಕಲಂ 185 ತಡೆಯುತ್ತದೆ (ಕೆಲವು ಪ್ರೈವೇಟ್ ಕಂಪನಿಗಳಿಗೆ ಷರತ್ತಿನ ವಿನಾಯಿತಿ ಉಂಟು), ಮತ್ತು ಅಲ್ಲಿ ನಿರ್ದೇಶಕರಿಗೆ ಜೈಲು ಶಿಕ್ಷೆಯೂ ಇದೆ. ಅದಕ್ಕೇ ಸಾಲ ಎಂಬುದು ವೇಷ ಬದಲಿಸಿ ಬರುತ್ತದೆ. ಸರಕು ಬರದ ಮುಂಗಡ ಒಂದು ವೇಷ. ಗೋದಾಮಿನ ಡಿಪಾಸಿಟ್ ಇನ್ನೊಂದು: ಹೆಂಡತಿಯ ಹೆಸರಿನ ಗೋದಾಮಿಗೆ ತಿಂಗಳಿಗೆ 50,000 ಬಾಡಿಗೆ, ಡಿಪಾಸಿಟ್ 60 ಲಕ್ಷ. ಬಾಡಿಗೆ ಊರಿನ ದರದಂತೆಯೇ ಇದೆ, ಆದರೆ ಹತ್ತು ವರ್ಷದ ಬಾಡಿಗೆ ಬಡ್ಡಿಯಿಲ್ಲದೆ ಮನೆ ಸೇರಿದೆ.

ಹಂತ 7: ಆಮೇಲೆ ಏನು ನೋಡಬೇಕು

ಮುಂಗಡದ ಖಾತೆಯನ್ನು ಮಾರ್ಚ್ 31ರ ಬಾಕಿಯಿಂದ ಅಳೆಯಬೇಡಿ. ಮಾರ್ಚ್ 29ಕ್ಕೆ ವಾಪಸ್ ಬಂದು ಏಪ್ರಿಲ್ 3ಕ್ಕೆ ಮತ್ತೆ ಹೋದ ಹಣ ಆ ದಿನದ ಪಟ್ಟಿಯಲ್ಲಿ ಸೊನ್ನೆಯಾಗಿ ಕಾಣುತ್ತದೆ. ಫೋರ್ಟಿಸ್ ಹೆಲ್ತ್‌ಕೇರ್ ಎಂಬ ಆಸ್ಪತ್ರೆ ಕಂಪನಿಯ ಕುರಿತು ಷೇರುಪೇಟೆ ನಿಯಂತ್ರಕ ಸೆಬಿ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶದಲ್ಲಿ ವಿವರಿಸಿದ್ದೂ ಇದೇ ತಂತ್ರ: ತ್ರೈಮಾಸಿಕದ ಕೊನೆಗೆ ವಾಪಸ್, ಹೊಸ ತ್ರೈಮಾಸಿಕ ಶುರುವಾದೊಡನೆ ಮತ್ತೆ ಹೊರಗೆ. ಲೆಡ್ಜರ್‌ನಿಂದ ಪ್ರತಿ ತಿಂಗಳ 15ರ ಬಾಕಿ ತೆಗೆದು ಹನ್ನೆರಡನ್ನೂ ಸಾಲಾಗಿ ಬರೆದರೆ ಚಿತ್ರ ಹೊರಬರುತ್ತದೆ.

ಎರಡನೆಯದು ಎಡಿಟ್ ಲಾಗ್. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕು, ಆ ಸೌಲಭ್ಯವನ್ನು ಬಂದ್ ಮಾಡುವಂತಿಲ್ಲ. ಸಂಬಂಧಿತ ಲೆಡ್ಜರ್‌ಗಳಲ್ಲಿ ದಿನಾಂಕ ಬದಲಾದ, ಲೆಡ್ಜರ್ ಹೆಸರು ಬದಲಾದ ನಮೂದುಗಳನ್ನು ಮಾತ್ರ ಸೋಸಿ ತೆಗೆಯಿರಿ. ಮೂರನೆಯದು ಗೋದಾಮಿನ ಇಳುವರಿ: ತಮ್ಮನ ಮಂಡಿಯ ಲಾಟುಗಳಲ್ಲಿ ಆರಿಸಿದ ಮೇಲೆ ಉಳಿದ ರಾಶಿ ಎಷ್ಟು, ಬೇರೆ ಮಂಡಿಗಳ ಲಾಟಿನಲ್ಲಿ ಎಷ್ಟು. ದರ್ಜೆಯ ಮೋಸ ಬಾಗಿಲಲ್ಲಿ ತಪ್ಪಿಸಿಕೊಂಡರೂ ಇಲ್ಲಿ ಸಿಗುತ್ತದೆ.

ಒಪ್ಪಿಗೆ ಇಲ್ಲದೆ ನಡೆದುಹೋಗಿದ್ದರೆ

ಕರಾರಾದ ದಿನದಿಂದ ಮೂರು ತಿಂಗಳೊಳಗೆ ಮಂಡಳಿ ಅಥವಾ ಷೇರುದಾರರು, ಯಾರ ಒಪ್ಪಿಗೆ ಬೇಕಿತ್ತೋ ಅವರು, ಅದನ್ನು ಸ್ಥಿರೀಕರಿಸಬಹುದು. ಸ್ಥಿರೀಕರಿಸದಿದ್ದರೆ ಅವರು ಕರಾರನ್ನು ರದ್ದು ಮಾಡಬಹುದು, ಮತ್ತು ಕಂಪನಿಗೆ ಆದ ನಷ್ಟವನ್ನು ಸಂಬಂಧಪಟ್ಟ ನಿರ್ದೇಶಕರು ತುಂಬಿಕೊಡಬೇಕು. ಅದರ ಮೇಲೆ, ನಿಯಮ ಮೀರಿ ಕರಾರು ಮಾಡಿದ ಅಥವಾ ಅದಕ್ಕೆ ಅಧಿಕಾರ ಕೊಟ್ಟ ನಿರ್ದೇಶಕ ಅಥವಾ ನೌಕರನಿಗೆ 5 ಲಕ್ಷ ರೂಪಾಯಿ ದಂಡ, ಷೇರುಪೇಟೆಯಲ್ಲಿರುವ ಕಂಪನಿಯಾದರೆ 25 ಲಕ್ಷ. ದಂಡ ಕಟ್ಟಬೇಕಾದವರು ಆ ವ್ಯಕ್ತಿಗಳೇ. ಕಂಪನಿಯ ಖಾತೆಯಿಂದ ಅದು ಹೋಗಿದ್ದರೆ ಅದೂ ಒಂದು ಸೋರಿಕೆ.

ಸಣ್ಣ ಷೇರುದಾರರು ಶುರು ಮಾಡಬೇಕಾದದ್ದು ಎಂಬಿಪಿ-4ರಿಂದ. ನೋಂದಾಯಿತ ಕಚೇರಿಯಲ್ಲಿ, ಕಚೇರಿ ವೇಳೆಯಲ್ಲಿ, ಯಾವ ಸದಸ್ಯರೂ ಅದನ್ನು ನೋಡಬಹುದು, ಪ್ರತಿ ಕೇಳಬಹುದು. ಕೇಳಿಕೆಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದನ್ನು ಎಒಸಿ-2, ಹಣಕಾಸು ಪಟ್ಟಿಯ ಸಂಬಂಧಿತ ಪಕ್ಷಗಳ ಟಿಪ್ಪಣಿ, ಆಡಿಟರ್ ವರದಿಗೆ ಕ್ಯಾರೋ ಅನುಬಂಧ ಇದ್ದರೆ ಅದರ 13ನೇ ಅಂಶ, ಈ ಮೂರರ ಜೊತೆ ತಾಳೆ ಹಾಕಿ. ಟಿಪ್ಪಣಿಯಲ್ಲಿ 5 ಕೋಟಿ ಇದ್ದು ರಿಜಿಸ್ಟರ್‌ನಲ್ಲಿ ಏನೂ ಇಲ್ಲದಿದ್ದರೆ, ವಿನಾಯಿತಿ ಇತ್ತು ಎಂದು ತೀರ್ಮಾನಿಸಿದ ಮಂಡಳಿ ನಿರ್ಣಯದ ದಿನಾಂಕ ಯಾವುದು ಎಂದು ವಾರ್ಷಿಕ ಸಭೆಯಲ್ಲಿ ಕೇಳಿ. ಉತ್ತರ ಸಿಗದಿದ್ದರೆ ಕಲಂ 241ರಡಿ ಕಂಪನಿ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಯ ಬೆಂಗಳೂರು ಪೀಠಕ್ಕೆ ಹೋಗಬಹುದು. ಅದಕ್ಕೆ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ ಅಥವಾ ಷೇರು ಬಂಡವಾಳದ ಹತ್ತನೇ ಒಂದು ಭಾಗ ಬೇಕು. 28 ಸದಸ್ಯರ ಈ ಕಂಪನಿಯಲ್ಲಿ ಮೂವರು ಬೆಳೆಗಾರರು ಒಟ್ಟಾದರೆ ಸಾಕು.